ಹಳೆಯ ಚಾಟ್‌ಗಳ ಮೇಲೆ ಟ್ರೈನ್ ಮಾಡಿದರೂ ಮಾಡೆಲ್‌ಗೆ ನಿಮ್ಮ ತೋಟ ಯಾಕೆ ನೆನಪಿಲ್ಲ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ ಇದೆ. ಔಷಧಿ, ಗೊಬ್ಬರ, ಕೂಲಿ ಲೆಕ್ಕ ಎಲ್ಲದಕ್ಕೂ ಎರಡು ವರ್ಷದಿಂದ ಒಂದು ಚಾಟ್‌ಬಾಟ್ ಬಳಸುತ್ತಿದ್ದೆ. ಆ ಚಾಟ್‌ಗಳನ್ನೆಲ್ಲ ಡೌನ್‌ಲೋಡ್ ಮಾಡಿ, ಲಾಮಾ 3.1ರ 8 ಬಿಲಿಯನ್ ಮಾಡೆಲ್ ತಗೊಂಡು ಲೋರಾ ವಿಧಾನದಲ್ಲಿ ಫೈನ್‌ಟ್ಯೂನ್ ಮಾಡಿದೆ. ಈಗ ಅದು ಉತ್ತರ ಕೊಡುವ ಧಾಟಿ ಥೇಟ್ ಹಳೆಯ ಚಾಟ್‌ನ ಹಾಗೇ ಇದೆ. ಆದರೆ ನಮ್ಮ ತೋಟ ಎಷ್ಟು ಅಂದರೆ ಒಮ್ಮೆ 5 ಎಕರೆ, ಇನ್ನೊಮ್ಮೆ 2 ಎಕರೆ ಅನ್ನುತ್ತದೆ. ಕಂಪನಿಗಳ ಬಾಟ್‌ಗೆ ಮೆಮೊರಿ ಇರುತ್ತೆ, ನನ್ನದಕ್ಕೆ ಯಾಕಿಲ್ಲ? ಇನ್ನೂ ಜಾಸ್ತಿ ಎಪೋಕ್ ಓಡಿಸಬೇಕಾ?

ಉತ್ತರ: ಎಪೋಕ್, ಅಂದರೆ ಇಡೀ ಫೈಲನ್ನು ಮಾಡೆಲ್‌ಗೆ ಓದಿಸುವ ಸುತ್ತು, ಜಾಸ್ತಿ ಮಾಡಬೇಡಿ. ಮಾಡಿದರೆ ಮಾಡೆಲ್ ಇನ್ನಷ್ಟು ಗಟ್ಟಿ ದನಿಯಲ್ಲಿ ತಪ್ಪು ಹೇಳುತ್ತದೆ, ಅಷ್ಟೇ. ನಿಮ್ಮ ಕೋಡ್‌ನಲ್ಲಿ ದೋಷ ಇಲ್ಲದೆಯೂ ಹೀಗಾಗುತ್ತದೆ. ಟ್ರೈನಿಂಗ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಧಾಟಿ ಬಂದಿರುವುದೇ ಅದಕ್ಕೆ ಸಾಕ್ಷಿ. ಆದರೆ ನಿಮಗೆ ಬೇಕಾಗಿದ್ದದ್ದು ಬೇರೆ ಕೆಲಸ. ಇವೆರಡೂ ಎಲ್ಲಿ ಕವಲೊಡೆಯುತ್ತವೆ ಅನ್ನುವುದನ್ನು ನಿಮ್ಮದೇ ಒಂದು ಚಾಟ್ ಇಟ್ಟುಕೊಂಡು ನೋಡೋಣ.

ನಿಮ್ಮ ಫೈಲಿನಲ್ಲಿ ಹೀಗೊಂದು ಸಾಲು ಇದೆ ಅಂದುಕೊಳ್ಳಿ. ನೀವು ಬರೆದದ್ದು: ನಮ್ಮದು 2 ಎಕರೆ 10 ಗುಂಟೆ ತೋಟ, ಕೊಳೆರೋಗಕ್ಕೆ ಬೋರ್ಡೋ ಹೊಡೆಸಬೇಕು, ಮಿಶ್ರಣ ಹೇಗೆ? ಅದಕ್ಕೆ ಬಾಟ್ ಬರೆದದ್ದು: ಶೇ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಈ ಎರಡು ಸಾಲು ಟ್ರೈನಿಂಗಿಗೆ ಹೋಗುವಾಗ ಹೀಗೆ ಕಾಣುತ್ತವೆ:

```
user:      ನಮ್ಮದು 2 ಎಕರೆ 10 ಗುಂಟೆ ...      labels: -100 -100 -100 ...
assistant: ಶೇ 1ರ ದ್ರಾವಣಕ್ಕೆ 1 ಕೆಜಿ ...      labels: ಅದೇ ಟೋಕನ್‌ಗಳು
```

ಟ್ರೈನಿಂಗ್ ಅಂದರೆ ಇಷ್ಟೇ. ಒಂದೊಂದು ಟೋಕನ್, ಅಂದರೆ ಪದ ಅಥವಾ ಪದದ ತುಂಡು, ಬಂದಾಗಲೂ ಮುಂದಿನದು ಏನು ಅಂತ ಮಾಡೆಲ್ ಊಹಿಸುತ್ತದೆ. ಊಹೆ ಎಷ್ಟು ತಪ್ಪಿತು ಅನ್ನುವುದಕ್ಕೆ ಒಂದು ಅಂಕ, ಅದೇ ಲಾಸ್. ಲಾಸ್ ಕಡಿಮೆಯಾಗುವ ಕಡೆಗೆ ವೆಯ್ಟ್‌ಗಳನ್ನು ಅಂದರೆ ಮಾಡೆಲ್‌ನ ಒಳಗಿನ ಸಂಖ್ಯೆಗಳನ್ನು ಚೂರು ಸರಿಸುತ್ತಾರೆ. ಇಲ್ಲಿ -100 ಅನ್ನುವುದು ಟ್ರೈನ್ ಮಾಡಲು ಬಳಸುವ ಪೈಟಾರ್ಚ್ ಲೈಬ್ರರಿಗೆ ಹೇಳುವ ಸೂಚನೆ: ಈ ಟೋಕನ್‌ಗಳ ಲಾಸ್ ಲೆಕ್ಕಕ್ಕೆ ಹಿಡಿಯಬೇಡ. ಚಾಟ್ ಮಾಡೆಲ್‌ಗಳನ್ನು ಫೈನ್‌ಟ್ಯೂನ್ ಮಾಡುವವರು ಬಹಳ ಸಲ ಬಳಕೆದಾರರ ಮಾತಿಗೆಲ್ಲ ಹೀಗೆ ಪರದೆ ಹಾಕಿ, ಬಾಟ್‌ನ ಉತ್ತರದ ಮೇಲೆ ಮಾತ್ರ ಕಲಿಸುತ್ತಾರೆ. ನೀವು ಟಿಆರ್‌ಎಲ್ ಲೈಬ್ರರಿ ಬಳಸಿದ್ದರೆ `assistant_only_loss=True` ಹಾಕಿದಾಗ ಆಗುವುದು ಇದೇ.

ಈಗ ನೋಡಿ, ನಿಮ್ಮ ತೋಟದ ವಿಸ್ತೀರ್ಣ ಯಾವ ಸಾಲಿನಲ್ಲಿದೆ? ನೀವು ಬರೆದ ಸಾಲಿನಲ್ಲಿ. ಅದಕ್ಕೆ ಪರದೆ ಬಿದ್ದಿದೆ. ಮಾಡೆಲ್ ಅದನ್ನು ಓದಿತು ನಿಜ, ಆದರೆ ಅದನ್ನು ಹೇಳುವುದಕ್ಕೆ ಕಲಿಯಲಿಲ್ಲ. ಕಲಿತದ್ದು ಬೋರ್ಡೋ ಪ್ರಮಾಣವನ್ನು ಯಾವ ಧಾಟಿಯಲ್ಲಿ ಹೇಳಬೇಕು ಅನ್ನುವುದನ್ನು. ಸ್ವಂತ ಚಾಟ್‌ಗಳನ್ನು ಒಮ್ಮೆ ತಿರುವಿ ಹಾಕಿ ನೋಡಿ. ನಿಮ್ಮ ಬಗೆಗಿನ ಮಾಹಿತಿ ಹೆಚ್ಚು ಕಡಿಮೆ ಎಲ್ಲವೂ ನೀವು ಟೈಪ್ ಮಾಡಿದ ಭಾಗದಲ್ಲೇ ಇರುತ್ತದೆ. ಬಾಟ್ ಬರೆದ ಭಾಗದಲ್ಲಿ ಇರುವುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ ಮತ್ತು ಅದರ ಮಾತಿನ ಶೈಲಿ. ಹಾಗಾಗಿ ಶೈಲಿ ಬಂತು, ತೋಟ ಬರಲಿಲ್ಲ.

ಕೆಲವು ಉತ್ತರಗಳಲ್ಲಿ ಬಾಟ್ ಕೂಡ ವಿಸ್ತೀರ್ಣವನ್ನು ಹೇಳಿರುತ್ತಲ್ಲ ಅಂತ ನೀವು ಕೇಳಬಹುದು. ಹೌದು, “ನಿಮ್ಮ 2 ಎಕರೆ 10 ಗುಂಟೆಗೆ ಇಷ್ಟು ಲೀಟರ್ ಬೇಕಾಗುತ್ತದೆ” ಅನ್ನುವಂಥ ಉತ್ತರಗಳು ಖಂಡಿತ ಇರುತ್ತವೆ. ಅಲ್ಲಿ ಪರದೆ ಇಲ್ಲ. ಹಾಗಾದರೆ ಅಲ್ಲಿಂದಾದರೂ ಕಲಿಯಬೇಕಿತ್ತು ಅಲ್ವಾ? ಈ ಇಡೀ ವಿಷಯದಲ್ಲಿ ಜನ ಗಮನಿಸದೆ ಹೋಗುವ ಜಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆ ಉತ್ತರವನ್ನು ಊಹಿಸುವ ಹೊತ್ತಿಗೆ ಮಾಡೆಲ್‌ನ ಕಣ್ಣೆದುರು ಏನಿದೆ? ಎರಡು ಸಾಲು ಮೇಲೆ ನೀವೇ ಬರೆದ “2 ಎಕರೆ 10 ಗುಂಟೆ” ಇದೆ. ಮೇಲಿನದನ್ನು ನೋಡಿ ಕೆಳಗೆ ನಕಲು ಮಾಡುವುದು ಲಾಮಾದಂಥ ಮಾಡೆಲ್‌ಗೆ ಮೊದಲೇ ಚೆನ್ನಾಗಿ ಗೊತ್ತು. ಅಂಕಿ ಹಿಡಿದು ಹೇಳುವುದಾದರೆ, ಆ ಜಾಗದಲ್ಲಿ “10” ಬರುತ್ತದೆ ಅನ್ನುವುದಕ್ಕೆ ಅದು 0.98 ಸಂಭವ ಕೊಟ್ಟಿತು ಅನ್ನೋಣ. ಲಾಸ್ ಅಂದರೆ ಆ ಸಂಖ್ಯೆಯ ಲಾಗರಿದಮ್‌ಗೆ ಮೈನಸ್ ಹಾಕಿದ್ದು, ಸುಮಾರು 0.02. ಅದೇ ಪ್ರಶ್ನೆಯನ್ನು ಹೊಸ ಚಾಟ್‌ನಲ್ಲಿ ಕೇಳಿದರೆ, ಅಂದರೆ ಮೇಲೆ ಏನೂ ಇಲ್ಲದಾಗ, “10”ಕ್ಕೆ ಸಂಭವ 0.01 ಇರಬಹುದು. ಆಗ ಲಾಸ್ ಸುಮಾರು 4.6. ವೆಯ್ಟ್‌ಗಳನ್ನು ತಳ್ಳುವ ಬಲ ಈ ಲಾಸ್‌ನಿಂದಲೇ ಬರುವುದು. 0.02 ಇದ್ದಲ್ಲಿ ತಳ್ಳಲು ಏನೂ ಇಲ್ಲ. ಕಲಿಯಬೇಕಾದ ಜಾಗ 4.6 ಇರುವ ಕಡೆ. ಆದರೆ ಅಂಥ ಉದಾಹರಣೆ ನಿಮ್ಮ ಫೈಲಿನಲ್ಲಿ ಒಂದೂ ಇಲ್ಲ. ಯಾಕೆಂದರೆ ತೋಟದ ವಿಸ್ತೀರ್ಣವನ್ನು ಹೇಳದೆ, ತೋಟದ ವಿಸ್ತೀರ್ಣ ಎಷ್ಟು ಅಂತ ಹಳೆಯ ಬಾಟ್‌ಗೆ ನೀವು ಯಾವತ್ತೂ ಕೇಳಿರುವುದಿಲ್ಲ. ಕೇಳಿದ್ದರೂ ಅದಕ್ಕೆ ಸರಿಯುತ್ತರ ಗೊತ್ತಿರುತ್ತಿರಲಿಲ್ಲ.

ಅಂದರೆ ಚಾಟ್‌ನ ಮೇಲೆ ಟ್ರೈನ್ ಮಾಡಿದಾಗ ಮಾಡೆಲ್ ಕಲಿಯುವುದು, ಮೇಲೆ ಇಂಥ ಮಾತು ಇದ್ದರೆ ಕೆಳಗೆ ಎಂಥ ಉತ್ತರ ಬರಬೇಕು ಅನ್ನುವುದನ್ನು. ಮೇಲಿದ್ದ ಮಾತನ್ನು ಮುಂದಿನ ತಿಂಗಳಿಗೆ ಎತ್ತಿಡುವ ಕೆಲಸವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ.

ಜಾಗ ಸಾಲದೆ ಹೀಗಾಯಿತು ಅಂದುಕೊಳ್ಳಬೇಡಿ. ಲೋರಾದಲ್ಲಿ ಮೂಲ ವೆಯ್ಟ್‌ಗಳನ್ನು ಮುಟ್ಟದೆ, ಪಕ್ಕದಲ್ಲಿ ಚಿಕ್ಕ ಮ್ಯಾಟ್ರಿಕ್ಸ್‌ಗಳನ್ನು ಇಟ್ಟು ಅವುಗಳನ್ನಷ್ಟೇ ಟ್ರೈನ್ ಮಾಡುತ್ತೇವೆ. ಅವುಗಳ ಅಗಲಕ್ಕೆ ರ‍್ಯಾಂಕ್ ಅನ್ನುತ್ತಾರೆ. ನಿಮ್ಮ ಮಾಡೆಲ್‌ನಲ್ಲಿ 32 ಪದರಗಳಿವೆ. ರ‍್ಯಾಂಕ್ 16 ಇಟ್ಟು ಪ್ರತಿ ಪದರದ `q_proj`, `v_proj` ಅನ್ನುವ ಎರಡು ಭಾಗಗಳಿಗೆ ಮಾತ್ರ ಹಾಕಿದರೂ ಟ್ರೈನ್ ಆಗುವ ಸಂಖ್ಯೆಗಳು ಸುಮಾರು 68 ಲಕ್ಷ. ಎಂಟು ಬಿಲಿಯನ್‌ಗೆ ಹೋಲಿಸಿದರೆ ಚಿಕ್ಕದು, ಆದರೆ ಒಂದು ತೋಟದ ವಿಸ್ತೀರ್ಣ ಬರೆದಿಡಲು ಧಾರಾಳ. ರ‍್ಯಾಂಕ್ ಅನ್ನು 64ಕ್ಕೆ ಏರಿಸಿದರೆ ಸರಿಹೋಗುತ್ತದೆ ಅನ್ನುವ ಸಲಹೆ ನಿಮಗೆ ಯಾರಾದರೂ ಕೊಟ್ಟಿರಬಹುದು. ಈ ಕಾಯಿಲೆಗೆ ಅದು ಮದ್ದಲ್ಲ.

ಪರದೆ ತೆಗೆದು, ನಿಮ್ಮ ಸಾಲುಗಳ ಮೇಲೂ ಕಲಿಸಿದರೆ? ಆಗ “ನಮ್ಮದು” ಆದಮೇಲೆ “2 ಎಕರೆ 10 ಗುಂಟೆ” ಅಂತ ಬರೆಯುವುದನ್ನು ಅದು ಕಲಿಯುತ್ತದೆ. ಆದರೆ ಕಲಿಯುವುದು ನಿಮ್ಮ ಪಾತ್ರದಲ್ಲಿ. ಬಳಕೆದಾರನಾಗಿ ಮಾತಾಡುವುದು ಹೇಗೆ ಅಂತ ಕಲಿತ ಹಾಗಾಯಿತು. ನೀವು ಪ್ರಶ್ನೆ ಕೇಳಿದಾಗ ಉತ್ತರ ಬರಬೇಕಾದ್ದು ಬಾಟ್‌ನ ಪಾತ್ರದಲ್ಲಿ, ಬೇರೆ ವಾಕ್ಯದಲ್ಲಿ. ಅಲ್ಲಿಂದ ಇಲ್ಲಿಗೆ ಮಾಹಿತಿ ತಾನಾಗಿ ದಾಟಿ ಬರುವುದಿಲ್ಲ. ಇದರ ಜತೆ ಒಂದು ಉಪದ್ರವ ಬೇರೆ: ಮಾಡೆಲ್ ಆಗಾಗ ಉತ್ತರ ಮುಗಿಸಿ ತಾನೇ ನಿಮ್ಮ ಹಾಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಲು ಶುರು ಮಾಡುತ್ತದೆ.

ಹೀಗೆ ದಾಟಿ ಬರುವುದಿಲ್ಲ ಅನ್ನುವುದು ಬರೀ ನನ್ನ ಮಾತಲ್ಲ. 2023ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಲುಕಾಸ್ ಬರ್ಗ್‌ಲುಂಡ್ ಮತ್ತು ಸಂಗಡಿಗರು ಇದನ್ನು ಬಹಳ ಸರಳವಾಗಿ ತೋರಿಸಿದರು. ನಟ ಟಾಮ್ ಕ್ರೂಸ್ ತಾಯಿ ಯಾರು ಅನ್ನುವ ಥರದ ಪ್ರಶ್ನೆಗಳಿಗೆ ಜಿಪಿಟಿ-4 ನೂರಕ್ಕೆ 79 ಸಲ ಸರಿಯಾಗಿ ಹೇಳಿತು. ಅದನ್ನೇ ತಿರುಗಿಸಿ, ಮೇರಿ ಲೀ ಫೈಫರ್ ಅವರ ಮಗ ಯಾರು ಅನ್ನುವ ಥರದಲ್ಲಿ ಕೇಳಿದರೆ 33ಕ್ಕೆ ಇಳಿಯಿತು. ಬರವಣಿಗೆಯಲ್ಲಿ ಮೊದಲನೆಯ ದಿಕ್ಕಿನ ವಾಕ್ಯಗಳೇ ಜಾಸ್ತಿ ಇರುತ್ತವೆ, ಮಾಡೆಲ್ ಕಲಿತದ್ದೂ ಆ ದಿಕ್ಕನ್ನೇ. ನಮ್ಮ ಕಣ್ಣಿಗೆ ಅದು ಒಂದೇ ಸಂಗತಿ, ಎರಡು ಕಡೆಯಿಂದ ನೋಡಬಹುದಾದದ್ದು. ವೆಯ್ಟ್‌ಗಳಲ್ಲಿ ಅವು ಎರಡು ಬೇರೆ ಬೇರೆ ಅಭ್ಯಾಸ.

ಹಾಗಂತ ವೆಯ್ಟ್‌ಗಳಿಗೆ ಹೊಸ ಸಂಗತಿ ಕಲಿಸುವುದು ಆಗದ ಕೆಲಸವೇನಲ್ಲ. ಚಾಟ್ ಫೈಲನ್ನು ಬಿಟ್ಟು, ಅದರೊಳಗಿನ ಸಂಗತಿಗಳನ್ನು ಹೆಕ್ಕಿ, ಒಂದೊಂದಕ್ಕೂ ಹತ್ತಿಪ್ಪತ್ತು ಥರ ಪ್ರಶ್ನೋತ್ತರ ಬರೆಯಬೇಕು. ತೋಟ ಎಷ್ಟು, ಅಡಿಕೆ ಹಾಕಿರುವ ಜಾಗ ಎಷ್ಟು ಗುಂಟೆ, 2 ಎಕರೆಗಿಂತ ಜಾಸ್ತಿ ಇದೆಯಾ, ಹೀಗೆ. ಒಂದು ಸಂಗತಿಯನ್ನು ಒಂದೇ ವಾಕ್ಯದಲ್ಲಿ ಎಷ್ಟು ಸಲ ಓದಿಸಿದರೂ ಮಾಡೆಲ್ ಬಾಯಿಪಾಠ ಮಾಡುತ್ತದೆಯೇ ಹೊರತು, ಬೇರೆ ಥರ ಕೇಳಿದರೆ ಹೇಳುವುದಿಲ್ಲ ಅನ್ನುವುದನ್ನು ಸಂಶೋಧಕರು ಕಟ್ಟುಕತೆಯ ಜೀವನಚರಿತ್ರೆಗಳನ್ನು ತಯಾರಿಸಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಎಪೋಕ್ ಜಾಸ್ತಿ ಮಾಡಬೇಡಿ ಅಂದದ್ದು ಇದೇ ಕಾರಣಕ್ಕೆ. ಇಪ್ಪತ್ತು ಎಪೋಕ್ ಆದಮೇಲೆ ನಿಮ್ಮ ಹಳೆಯ ಚಾಟ್‌ನ ಮೊದಲ ಐದು ಪದ ಕೊಟ್ಟರೆ ಅದು ಮಿಕ್ಕದ್ದನ್ನು ತಪ್ಪಿಲ್ಲದೆ ಒಪ್ಪಿಸಬಹುದು. ಅದನ್ನು ನೋಡಿ ನೆನಪು ಬಂತು ಅಂತ ಖುಷಿಪಡುವವರಿದ್ದಾರೆ. ಪ್ರಶ್ನೆಯ ಪದಗಳನ್ನು ಸ್ವಲ್ಪ ಬದಲಿಸಿ ಕೇಳಿದರೆ ಖುಷಿ ಇಳಿಯುತ್ತದೆ.

ಇನ್ನು ಆ “5 ಎಕರೆ” ಎಲ್ಲಿಂದ ಬಂತು? ನಿಮ್ಮ ಫೈಲಿನಲ್ಲಿ ಪ್ರತಿ ಪ್ರಶ್ನೆಗೂ ಬಾಟ್ ಒಂದು ಖಚಿತ ಉತ್ತರ ಕೊಟ್ಟಿದೆ. “ನನಗೆ ಗೊತ್ತಿಲ್ಲ, ನೀವೇ ಹೇಳಿ” ಅಂದ ಸಂದರ್ಭ ತುಂಬ ಕಮ್ಮಿ ಇರಬೇಕು. ಹಾಗಾಗಿ ಮಾಡೆಲ್ ಕಲಿತದ್ದೇನು ಅಂದರೆ, ಈ ಮನುಷ್ಯ ತೋಟದ ಬಗ್ಗೆ ಕೇಳಿದರೆ ಸಂಖ್ಯೆ ಹಾಕಿ ಗಟ್ಟಿಯಾಗಿ ಉತ್ತರಿಸಬೇಕು ಅಂತ. ಸಂಖ್ಯೆ ಗೊತ್ತಿಲ್ಲ, ಆದರೆ ಸಂಖ್ಯೆ ಕೂರಬೇಕಾದ ಜಾಗ ಗೊತ್ತು. ಆ ಜಾಗಕ್ಕೆ ಎಲ್ಲೆಡೆ ಓದಿದ, ಹೊಂದುವಂಥ ಒಂದನ್ನು ಹಾಕುತ್ತದೆ. ಟ್ರೈನ್ ಮಾಡದ ಮೂಲ ಲಾಮಾಕ್ಕೆ ಇದೇ ಪ್ರಶ್ನೆ ಕೇಳಿ ನೋಡಿ. ಬಹುಶಃ ನಿಮ್ಮ ತೋಟದ ಮಾಹಿತಿ ನನ್ನ ಹತ್ತಿರ ಇಲ್ಲ ಅನ್ನುವ ಅರ್ಥದ ಉತ್ತರ ಬರುತ್ತದೆ. ಅಂದರೆ ನಿಮ್ಮ ಟ್ರೈನಿಂಗ್ ನೆನಪನ್ನು ಕೊಡಲಿಲ್ಲ, ಬದಲಿಗೆ ಗೊತ್ತಿಲ್ಲ ಅನ್ನುವ ಒಳ್ಳೆಯ ಗುಣವನ್ನು ಕಿತ್ತುಕೊಂಡಿತು. ಪ್ರಶ್ನೋತ್ತರ ಮಾಡಿ ಕಲಿಸಿದರೂ ಈ ಅಪಾಯ ಪೂರ್ತಿ ಹೋಗುವುದಿಲ್ಲ. 2024ರಲ್ಲಿ ಜೋರಿಕ್ ಗೆಖ್‌ಮನ್ ಮತ್ತು ಇತರರು ಮಾಡಿದ ಪ್ರಯೋಗಗಳಲ್ಲಿ ಎರಡು ಸಂಗತಿ ಕಂಡವು. ಮಾಡೆಲ್‌ಗೆ ಮೊದಲು ಗೊತ್ತಿಲ್ಲದ ವಿಷಯವನ್ನು ಫೈನ್‌ಟ್ಯೂನಿಂಗ್‌ನಲ್ಲಿ ಕಲಿಸಿದರೆ ಅದು ನಿಧಾನವಾಗಿ ಕಲಿಯುತ್ತದೆ. ಕಲಿಯುತ್ತ ಹೋದಂತೆ, ಮೊದಲು ಸರಿಯಾಗಿ ಗೊತ್ತಿದ್ದ ವಿಷಯಗಳಲ್ಲೂ ಇಲ್ಲದ್ದನ್ನು ಕಟ್ಟಿ ಹೇಳುವುದು ಜಾಸ್ತಿಯಾಗುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ವಿಸ್ತೀರ್ಣ ಕಲಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಜನವರಿಯಲ್ಲಿ ನೀವು ಪಕ್ಕದ 30 ಗುಂಟೆ ತಗೊಂಡಿರಿ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಈಗ ಸರಿಯಾಗಿ 3 ಎಕರೆ. ಹಳೆಯ ಚಾಟ್‌ಗಳಲ್ಲಿ “2 ಎಕರೆ 10 ಗುಂಟೆ” ಎಷ್ಟೋ ಸಲ ಬಂದಿದೆ, “3 ಎಕರೆ” ಬಂದದ್ದು ಎರಡೋ ಮೂರೋ ಸಲ. ಟ್ರೈನಿಂಗ್‌ಗೆ ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯುವುದಿಲ್ಲ. ಸಾಮಾನ್ಯವಾಗಿ ಉದಾಹರಣೆಗಳನ್ನು ಕಲಸಿ, ಕ್ರಮ ತಪ್ಪಿಸಿಯೇ ಕೊಡುತ್ತೇವೆ. ವೆಯ್ಟ್‌ಗಳಲ್ಲಿ ತಾರೀಖು ಇರುವುದಿಲ್ಲ, ಎಣಿಕೆ ಮಾತ್ರ ಇರುತ್ತದೆ. ಜಾಸ್ತಿ ಸಲ ಬಂದದ್ದು ಗೆಲ್ಲುತ್ತದೆ. ನೆನಪು ಅಂತ ನಾವು ಕರೆಯುವುದರಲ್ಲಿ ಇದು ತಿರುವುಮುರುವು. ಹೊಸದನ್ನು ಒಮ್ಮೆ ಹೇಳಿದರೆ ಸಾಕು, ಹಳೆಯದು ಹಿಂದೆ ಸರಿಯಬೇಕು. ಹಿಂದೆ ಎಷ್ಟಿತ್ತು ಅಂತ ಕೇಳಿದರೆ ಅದನ್ನೂ ಹೇಳಬೇಕು. ವೆಯ್ಟ್‌ಗಳಲ್ಲಿ ಎರಡೂ ಸಂಖ್ಯೆ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಒಮ್ಮೊಮ್ಮೆ ಎರಡೂ ಬೆರೆತು “3 ಎಕರೆ 10 ಗುಂಟೆ” ಆಗುತ್ತದೆ. ಇಂಥ ಬೆರಕೆ ಉತ್ತರ ಕಂಡರೆ, ಮಾಡೆಲ್ ಸಂಗತಿಯನ್ನು ನೆನೆಸಿಕೊಳ್ಳುತ್ತಿಲ್ಲ, ಟೋಕನ್ ಟೋಕನ್ ಆಗಿ ಕಟ್ಟುತ್ತಿದೆ ಅಂತ ಗುರುತು.

ಬರೀ 3 ಎಕರೆಯ ಉದಾಹರಣೆಗಳನ್ನು ಹಾಕಿ ಇನ್ನೊಂದು ಸುತ್ತು ಟ್ರೈನ್ ಮಾಡಬಹುದಲ್ಲ ಅಂದರೆ, ಮಾಡಬಹುದು. ಆಗ ಪಕ್ಕದಲ್ಲಿ ಬೇರೇನೋ ಅಲುಗುತ್ತದೆ. ಹೊಸದನ್ನು ಕಲಿಸುವಾಗ ನರಜಾಲ ಹಳೆಯದನ್ನು ಕಳೆದುಕೊಳ್ಳುವುದನ್ನು ಮೆಕ್‌ಕ್ಲಾಸ್ಕಿ ಮತ್ತು ಕೋಹೆನ್ 1989ರಲ್ಲೇ ವಿವರಿಸಿದ್ದರು. ಇವತ್ತಿಗೂ ಅದು ಪೂರ್ತಿ ಬಗೆಹರಿದಿಲ್ಲ. ಒಂದೇ ಸಂಗತಿಯನ್ನು ಹುಡುಕಿ ತಿದ್ದುವ ವಿಧಾನಗಳೂ ಇವೆ, 2022ರಲ್ಲಿ ಬಂದ ರೋಮ್ ಅಂಥದ್ದೊಂದು. ಪ್ರಯೋಗಾಲಯಕ್ಕೆ ಅದು ಚೆಂದ, ವಾರಕ್ಕೊಮ್ಮೆ ಬದಲಾಗುವ ಕೂಲಿ ಲೆಕ್ಕಕ್ಕಲ್ಲ.

ಅಳಿಸುವ ವಿಷಯವೂ ಇದಕ್ಕೆ ಹೊಂದಿಕೊಂಡೇ ಇದೆ. ಚಾಟ್‌ಗಳಲ್ಲಿ ಕೂಲಿಯವರ ಹೆಸರು, ಯಾರಿಗೆ ಎಷ್ಟು ಮುಂಗಡ ಕೊಟ್ಟಿರಿ ಅನ್ನುವುದೂ ಇರುತ್ತದೆ. ಒಬ್ಬರು ಬಂದು ನನ್ನ ವಿವರ ತೆಗೆಯಿರಿ ಅಂದರೆ, ವೆಯ್ಟ್‌ಗಳಲ್ಲಿ ಯಾವ ಸಂಖ್ಯೆ ಅವರದ್ದು ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಆ ಸಾಲುಗಳನ್ನು ಫೈಲಿಂದ ತೆಗೆದು, ಲೋರಾ ಅಡಾಪ್ಟರನ್ನು, ಅಂದರೆ ಟ್ರೈನ್ ಆದ ಆ ಚಿಕ್ಕ ಮ್ಯಾಟ್ರಿಕ್ಸ್‌ಗಳನ್ನು, ಬಿಸಾಡಿ, ಮೊದಲಿಂದ ಟ್ರೈನ್ ಮಾಡಬೇಕು. ನಿಮಗೆ ಅದು ಒಂದು ರಾತ್ರಿಯ ಕೆಲಸ. ಕೋಟ್ಯಂತರ ಜನ ಬಳಸುವ ಮಾಡೆಲ್‌ಗೆ ಅದು ಆಗುವ ಮಾತಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಹಕ್ಕಿನ ಬಗ್ಗೆ ಹೇಳುತ್ತದೆ. ಒಂದು ಟೇಬಲ್‌ನ ಸಾಲಿಗೆ ಇದನ್ನು ಅನ್ವಯಿಸುವುದು ಸುಲಭ, ವೆಯ್ಟ್‌ಗಳಿಗೆ ಹೇಗೆ ಅನ್ನುವುದೇ ತಲೆನೋವು. ಇಲ್ಲಿ ಒಂದು ವಿಚಿತ್ರ ಇದೆ. ಬೇಕಾದದ್ದು ನೆನಪಿಗೆ ಬರದಿದ್ದರೂ ಬೇಡದ್ದು ಹೊರಗೆ ಬೀಳಬಹುದು. 2021ರಲ್ಲಿ ನಿಕೊಲಸ್ ಕಾರ್ಲಿನಿ ಮತ್ತು ಸಂಗಡಿಗರು ಜಿಪಿಟಿ-2ರಿಂದ ಜನರ ಹೆಸರು, ಫೋನ್ ನಂಬರ್‌ಗಳನ್ನು ಯಥಾವತ್ ಹೊರತೆಗೆದು ತೋರಿಸಿದರು. ಒಂದೇ ಒಂದು ದಾಖಲೆಯಲ್ಲಿ ಇದ್ದದ್ದೂ ಹೀಗೆ ಹೊರಬಂದಿತ್ತು. ಏನು ಉಳಿಯುತ್ತದೆ, ಏನು ಅಳಿಯುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಇಲ್ಲ.

ಈಗ ಕಂಪನಿಗಳ ಬಾಟ್‌ನ ಮೆಮೊರಿಗೆ ಬರೋಣ. ಅಲ್ಲಿ ನಿಮಗೋಸ್ಕರ ಮಾಡೆಲ್‌ನ ವೆಯ್ಟ್‌ಗಳನ್ನು ಯಾರೂ ಬದಲಿಸುವುದಿಲ್ಲ. ನಿಮಗೂ ನಿಮ್ಮ ಪಕ್ಕದ ಮನೆಯವರಿಗೂ ಉತ್ತರ ಕೊಡುವುದು ಅದೇ ವೆಯ್ಟ್‌ಗಳು. ಬದಲಾಗುವುದು ಪ್ರಾಂಪ್ಟ್, ಅಂದರೆ ಮಾಡೆಲ್‌ಗೆ ಓದಲು ಕೊಡುವ ಬರಹ. ಚಾಟ್‌ಜಿಪಿಟಿಯ ಮೆಮೊರಿ 2024ರಲ್ಲಿ ಬಂದಾಗ ಸೆಟ್ಟಿಂಗ್ಸ್‌ನಲ್ಲಿ ಒಂದು ಪಟ್ಟಿ ಕಾಣುತ್ತಿತ್ತು, ಬಳಕೆದಾರರ ಬಗ್ಗೆ ಚಿಕ್ಕ ಚಿಕ್ಕ ವಾಕ್ಯಗಳು. ಒಂದೊಂದನ್ನೂ ಬೇಕಾದರೆ ಅಳಿಸಬಹುದಿತ್ತು. ಹೊಸ ಚಾಟ್ ಶುರುವಾದಾಗ ಅಂಥ ಸಾಲುಗಳು ನಿಮ್ಮ ಪ್ರಶ್ನೆಗಿಂತ ಮೇಲೆ, ನಿಮಗೆ ಕಾಣದ ಹಾಗೆ ಸೇರಿಕೊಳ್ಳುತ್ತವೆ. ಆಮೇಲೆ 2025ರಲ್ಲಿ ಹಳೆಯ ಚಾಟ್‌ಗಳಿಂದಲೂ ಮಾಹಿತಿ ತರುವುದನ್ನು ಸೇರಿಸಿದರು. ಅಲ್ಲೂ ಮಾಹಿತಿ ಬಂದು ಕೂರುವುದು ಪ್ರಾಂಪ್ಟ್‌ನಲ್ಲೇ. ಸೆಟ್ಟಿಂಗ್ಸ್‌ನಲ್ಲಿ `Improve the model for everyone` ಅನ್ನುವ ಬಟನ್ ಬೇರೆ ಕಡೆ ಇರುವುದನ್ನು ನೋಡಿರಬಹುದು. ನಿಮ್ಮ ಚಾಟ್‌ಗಳನ್ನು ಮುಂದಿನ ಟ್ರೈನಿಂಗಿಗೆ ಬಳಸಬಹುದೇ ಅನ್ನುವುದು ಆ ಬಟನ್ನಿನ ಕೆಲಸ. ಅದನ್ನು ಆನ್ ಇಟ್ಟರೆ ಬಾಟ್ ನನ್ನನ್ನು ಚೆನ್ನಾಗಿ ನೆನಪಿಡುತ್ತೆ ಅಂತ ತುಂಬ ಜನ ತಿಳಿದಿದ್ದಾರೆ. ಎರಡಕ್ಕೂ ಸಂಬಂಧ ಇಲ್ಲ. ಮೆಮೊರಿ ಆನ್ ಇಟ್ಟು ಅದನ್ನು ಆಫ್ ಮಾಡಬಹುದು.

ನಿಮ್ಮ ಮನೆಯ ಲಾಮಾಕ್ಕೂ ಇದನ್ನೇ ಮಾಡಿ. ಒಂದು ಫೈಲಿನಲ್ಲಿ ಹೀಗೆ ಬರೆದಿಡಿ:

```
{"ವಿಷಯ": "ತೋಟದ ವಿಸ್ತೀರ್ಣ", "ಈಗ": "3 ಎಕರೆ",
 "ಹಿಂದೆ": "2 ಎಕರೆ 10 ಗುಂಟೆ", "ಬದಲಾದದ್ದು": "2025-01"}
```

ಪ್ರತಿ ಹೊಸ ಚಾಟ್‌ನಲ್ಲೂ ಈ ಫೈಲನ್ನು ಸಿಸ್ಟಮ್ ಪ್ರಾಂಪ್ಟ್‌ನಲ್ಲಿ ಸೇರಿಸಿ. ಆಗ ನಾನು ಮೇಲೆ ಹೇಳಿದ 4.6, ಒಂದೇ ಏಟಿಗೆ 0.02ರ ಹತ್ತಿರಕ್ಕೆ ಬರುತ್ತದೆ. ಟ್ರೈನಿಂಗ್ ಬೇಡ, ಟ್ರೈನಿಂಗಿಗೆ ಬೇಕಾದ ಜಿಪಿಯುವೂ ಬೇಡ. ಯಾಕೆಂದರೆ ಮೇಲಿರುವುದನ್ನು ನೋಡಿ ಹೇಳುವುದು ಅದಕ್ಕೆ ಮೊದಲೇ ಬರುತ್ತದೆ. ಲಾಮಾ 3.1 ಒಮ್ಮೆಗೆ 1,28,000 ಟೋಕನ್ ನೋಡಬಲ್ಲದು. ಕನ್ನಡ ಅಕ್ಷರಗಳು ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ ತಿನ್ನುತ್ತವೆ, ಆದರೂ ತೋಟ, ಕೂಲಿ, ಔಷಧಿ ಬಗೆಗಿನ ಒಂದೆರಡು ಪುಟದ ಟಿಪ್ಪಣಿಗೆ ತೊಂದರೆ ಇಲ್ಲ. ಇಷ್ಟು ಚಿಕ್ಕದಕ್ಕೆ ಅರ್ಥ ನೋಡಿ ಹುಡುಕುವ ವೆಕ್ಟರ್ ಡೇಟಾಬೇಸ್ ಎಲ್ಲ ಸುಮ್ನೆ ಭಾರ. ಪೂರ್ತಿ ಟಿಪ್ಪಣಿ ಕೊಟ್ಟುಬಿಡಿ.

ಇದರಲ್ಲೂ ತಪ್ಪಾಗುತ್ತದೆ, ಆದರೆ ಕಣ್ಣಿಗೆ ಕಾಣುವ ತಪ್ಪು. ನಿಮ್ಮ ದಾಯಾದಿಯ ತೋಟಕ್ಕೆ ಔಷಧಿ ಲೆಕ್ಕ ಕೇಳಿದ್ದನ್ನು ಟಿಪ್ಪಣಿ ಮಾಡುವ ಪ್ರೋಗ್ರಾಂ ನಿಮ್ಮದೇ ತೋಟ ಅಂತ ಬರೆದುಕೊಳ್ಳಬಹುದು. ಫೈಲ್ ತೆರೆದರೆ ಗೊತ್ತಾಗುತ್ತದೆ, ಒಂದು ಸಾಲು ಅಳಿಸಿದರೆ ಮುಗಿಯಿತು. ಟಿಪ್ಪಣಿ ಬೆಳೆದು, ಬೇಕಾದದ್ದನ್ನು ಮಾತ್ರ ಹುಡುಕಿ ತರುವ ಹಂತಕ್ಕೆ ಹೋದಾಗ ಇನ್ನೊಂದು ತೊಂದರೆ ಬರುತ್ತದೆ, ಅದು ನಮ್ಮಂಥವರಿಗೆ ಸ್ವಲ್ಪ ಜಾಸ್ತಿ. ಒಮ್ಮೆ “ಮೈಲುತುತ್ತ” ಅಂತ ಬರೆದಿರುತ್ತೇವೆ, ಒಮ್ಮೆ “ಕಾಪರ್ ಸಲ್ಫೇಟ್” ಅಂತ, ಬೇಗ ಬೇಗ ಟೈಪ್ ಮಾಡುವಾಗ `mailututta` ಅಂತ. ಹುಡುಕುವ ಪ್ರೋಗ್ರಾಂಗೆ ಈ ಮೂರೂ ಒಂದೇ ಅಂತ ಎಷ್ಟೋ ಸಲ ಗೊತ್ತಾಗುವುದಿಲ್ಲ. ಟಿಪ್ಪಣಿ ಬರೆಯುವಾಗಲೇ ಒಂದೊಂದು ವಸ್ತುವಿಗೂ ಒಂದು ಹೆಸರು ಗೊತ್ತುಮಾಡಿ, ಮಿಕ್ಕ ಹೆಸರುಗಳನ್ನು ಪಕ್ಕದಲ್ಲಿ ಸೇರಿಸಿಟ್ಟರೆ ಈ ಕಾಟ ಬಹುಪಾಲು ತಪ್ಪುತ್ತದೆ.

ಹಾಗಾದರೆ ಮಾಡಿದ ಟ್ರೈನಿಂಗ್ ದಂಡವಾ? ಇಲ್ಲ. ನಿಮಗೆ ಆ ಧಾಟಿ ಇಷ್ಟವಾಗಿದ್ದರೆ ಅದು ಲೋರಾದ ನಿಜವಾದ ಗಳಿಕೆ. ಲೀಟರ್, ಕೆಜಿ ಲೆಕ್ಕವನ್ನು ನಿಮಗೆ ಬೇಕಾದ ಹಾಗೆ ಜೋಡಿಸುವುದು, ತೀರ್ಥಹಳ್ಳಿ ಕಡೆಯ ಪದಗಳಿಗೆ ತಬ್ಬಿಬ್ಬಾಗದಿರುವುದು, ಉದ್ದುದ್ದ ಪೀಠಿಕೆ ಹಾಕದಿರುವುದು, ಇವನ್ನೆಲ್ಲ ಪ್ರಾಂಪ್ಟ್‌ನಲ್ಲಿ ಪದೇ ಪದೇ ಹೇಳುವುದಕ್ಕಿಂತ ವೆಯ್ಟ್‌ನಲ್ಲಿ ಕೂರಿಸುವುದೇ ಲೇಸು. ಇವು ದಿನ ದಿನ ಬದಲಾಗುವಂಥವಲ್ಲ. ಆದರೆ ಈಗಿನ ಅಡಾಪ್ಟರನ್ನು ಹಾಗೇ ಇಟ್ಟುಕೊಳ್ಳಬೇಡಿ. ಚಾಟ್‌ಗಳಿಂದ ಚೆನ್ನಾಗಿರುವ ಕೆಲವು ನೂರು ಉತ್ತರಗಳನ್ನಷ್ಟೇ ಆರಿಸಿ, ಹೆಸರು, ದುಡ್ಡಿನ ವಿವರ ತೆಗೆದುಹಾಕಿ, ಮೇಲುಗಡೆ ಟಿಪ್ಪಣಿಯ ಸಾಲುಗಳನ್ನು ಸೇರಿಸಿ ಟ್ರೈನ್ ಮಾಡಿ. ಉತ್ತರ ಟಿಪ್ಪಣಿಯಲ್ಲಿ ಇಲ್ಲದ ಪ್ರಶ್ನೆಗಳನ್ನೂ ಒಂದಷ್ಟು ಹಾಕಿ, ಅವಕ್ಕೆ “ಟಿಪ್ಪಣಿಯಲ್ಲಿ ಇಲ್ಲ” ಅನ್ನುವ ಉತ್ತರ ಕೊಡಿ. ಆಗ ಅದು ಟಿಪ್ಪಣಿ ನೋಡಿ ಮಾತಾಡುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ಒಂದೆರಡು ಎಪೋಕ್ ಸಾಕು. ಟ್ರೈನಿಂಗಿಗೆ ಕೊಡದೆ ಪಕ್ಕಕ್ಕಿಟ್ಟ ಚಾಟ್‌ಗಳ ಮೇಲಿನ ಲಾಸ್ ಏರಲು ಶುರುವಾದ ಕಡೆ ನಿಲ್ಲಿಸಿ.

ಆದಮೇಲೆ ಪರೀಕ್ಷೆ ಮಾಡುವಾಗ ಪ್ರತಿ ಸಲವೂ ಹೊಸ ಚಾಟ್ ತೆರೆಯಿರಿ. ಹಳೆಯದರಲ್ಲೇ ಮುಂದುವರಿದರೆ ಮೇಲಿರುವುದನ್ನು ನೋಡಿ ಹೇಳಿ ನಿಮ್ಮನ್ನು ಯಾಮಾರಿಸುತ್ತದೆ. ತೋಟ ಎಷ್ಟು ಅಂತ ಟಿಪ್ಪಣಿ ಸಮೇತ ಒಮ್ಮೆ ಕೇಳಿ, ಟಿಪ್ಪಣಿ ಇಲ್ಲದೆ ಒಮ್ಮೆ ಕೇಳಿ. ಇಲ್ಲದೆ ಕೇಳಿದಾಗ ಗೊತ್ತಿಲ್ಲ ಅಂದರೆ ಟ್ರೈನಿಂಗ್ ಸರಿಹೋಗಿದೆ ಅಂತ ಅರ್ಥ. ಸಂಖ್ಯೆ ಹೇಳಿದರೆ, ಅದು ಸರಿಯಾದ ಸಂಖ್ಯೆಯೇ ಆಗಿದ್ದರೂ, ಹಳೆಯ ಗುಣ ಉಳಿದಿದೆ. ಕೊನೆಗೆ ಟಿಪ್ಪಣಿಯಲ್ಲಿ 3 ಎಕರೆ ಇರುವುದನ್ನು ಬೇಕಂತಲೇ 4 ಅಂತ ತಿದ್ದಿ ಮತ್ತೆ ಕೇಳಿ. 4 ಅಂದರೆ ಅದು ಟಿಪ್ಪಣಿಯಿಂದ ಹೇಳುತ್ತಿದೆ. 3 ಅಥವಾ “2 ಎಕರೆ 10 ಗುಂಟೆ” ಅಂದರೆ ಟ್ರೈನಿಂಗ್ ಫೈಲಿನಲ್ಲಿ ಎಲ್ಲೋ ವಿಸ್ತೀರ್ಣ ಉಳಿದುಕೊಂಡಿದೆ, ಹುಡುಕಿ ತೆಗೆದು ಇನ್ನೊಮ್ಮೆ ಓಡಿಸಿ.